ಚಾರ್ಜರ್ ಪಿನ್ ಸಡಿಲ ಅನ್ನಿಸಿದರೆ ಮೊದಲು ಪೋರ್ಟಿನ ತಳ ನೋಡಿ

ನನ್ನ ಫೋನಿನಲ್ಲಿ ಚಾರ್ಜರ್ ಕೇಬಲ್ ನಿಲ್ಲುವುದೇ ಕಷ್ಟವಾಗಿತ್ತು. ಪಿನ್ ಒಳಗೆ ಹೋಗುತ್ತದೆ, ಚಾರ್ಜ್ ಆಗುತ್ತಿದೆ ಅಂತ ಚಿಹ್ನೆಯೂ ಬರುತ್ತದೆ, ಆದರೆ ಫೋನನ್ನು ಸ್ವಲ್ಪ ಎತ್ತಿದರೆ ಸಾಕು, ನಿಂತುಹೋಗುತ್ತದೆ. ರಾತ್ರಿ ಹಾಕಿಟ್ಟು ಮಲಗಿದರೆ ಬೆಳಿಗ್ಗೆ ಎಷ್ಟು ಚಾರ್ಜ್ ಇರುತ್ತದೆ ಅನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ. ಒಂದು ದಿನ ತುಂಬಿರುತ್ತಿತ್ತು, ಇನ್ನೊಂದು ದಿನ ಮಲಗುವಾಗ ಇದ್ದಷ್ಟೂ ಇರುತ್ತಿರಲಿಲ್ಲ. ಕೇಬಲನ್ನು ಒಂದು ಪಕ್ಕಕ್ಕೆ ವಾಲಿಸಿ, ಕೆಳಗೆ ಏನಾದರೂ ಆಸರೆ ಕೊಟ್ಟು ಇಟ್ಟರೆ ಮಾತ್ರ ಸರಿ. ಫಾಸ್ಟ್ ಚಾರ್ಜಿಂಗ್ ಅಂತ ತೋರಿಸಿ ಮರುಕ್ಷಣ ಮಾಮೂಲಿ ಚಾರ್ಜಿಂಗ್ ಅಂತ ತೋರಿಸುವುದು, ಮತ್ತೆ ಫಾಸ್ಟ್ ಅನ್ನುವುದು, ಇದೂ ಶುರುವಾಗಿತ್ತು.

ಯಾರನ್ನು ಕೇಳಿದರೂ ಎರಡೇ ಉತ್ತರ. ಕೇಬಲ್ ಹೋಗಿದೆ ಬದಲಾಯಿಸು, ಇಲ್ಲಾಂದ್ರೆ ಪೋರ್ಟ್ ಸವೆದಿದೆ ಬದಲಾಯಿಸು. ಮೊದಲನೆಯದನ್ನು ನೋಡುವುದು ಸುಲಭ, ಹಾಗಾಗಿ ಮನೆಯಲ್ಲಿದ್ದ ಬೇರೆ ಕೇಬಲ್ ಹಾಕಿ ನೋಡಿದೆ. ಅದೂ ಸಡಿಲ. ಪೊಟ್ಟಣದಿಂದ ಆಗ ತಾನೇ ತೆಗೆದ ಹೊಸ ಕೇಬಲ್ ಕೂಡ ಅದೇ ರೀತಿ ಜಾರುತ್ತಿತ್ತು. ಆದರೆ ಅವೇ ಕೇಬಲ್‌ಗಳು ತಂಗಿಯ ಫೋನಿನಲ್ಲಿ 'ಟಕ್' ಅಂತ ಕೂರುತ್ತಿದ್ದವು, ಎಳೆದರೆ ಸುಲಭವಾಗಿ ಬರುತ್ತಿರಲಿಲ್ಲ. ಅಂದರೆ ಕೇಬಲ್‌ಗಳದ್ದೇನೂ ತಪ್ಪಿಲ್ಲ. ತೊಂದರೆ ಇರುವುದು ನನ್ನ ಫೋನಿನ ಕಡೆ.

ಹಾಗಂತ ಪೋರ್ಟೇ ಸವೆದಿದೆ ಅಂತ ತೀರ್ಮಾನ ಮಾಡುವುದಕ್ಕೂ ಮೊದಲು ಟೈಪ್-ಸಿ ಪೋರ್ಟ್ ಹೇಗಿದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಫೋನಿನ ಕಡೆ ಒಂದು ಚಪ್ಪಟೆ ಗೂಡು ಇದೆ, ಅದರ ನಡುವೆ ತೆಳ್ಳಗಿನ ಒಂದು ನಾಲಿಗೆ ಚಾಚಿಕೊಂಡಿದೆ. ಆ ನಾಲಿಗೆಯ ಮೇಲೆ 12, ಕೆಳಗೆ 12 ಚಿನ್ನದ ಬಣ್ಣದ ಗೆರೆಗಳಿವೆ. ಕೇಬಲಿನ ಪಿನ್ ಒಳಗೆ ಟೊಳ್ಳು, ಅದು ಈ ನಾಲಿಗೆಯ ಮೇಲೆ ಹೋಗಿ ಕೂರುತ್ತದೆ. ನಾವು ಕೇಳುವ 'ಟಕ್' ಬರುವುದು ಪಿನ್ನಿನ ಒಳಗೆ ಎರಡು ಪಕ್ಕದಲ್ಲಿರುವ ಪುಟ್ಟ ಸ್ಪ್ರಿಂಗ್‌ಗಳಿಂದ. ಅವು ನಾಲಿಗೆಯ ಎರಡು ಅಂಚಿನಲ್ಲಿರುವ ಕಚ್ಚುಗಳನ್ನು ಹಿಡಿದುಕೊಳ್ಳುತ್ತವೆ. ಸ್ಪ್ರಿಂಗ್ ಕೇಬಲಿನಲ್ಲಿ ಇಟ್ಟಿರುವುದು ಬೇಕಂತಲೇ, ಸವೆಯುವ ಭಾಗ ಫೋನಿನಲ್ಲಿರದೆ ಕೇಬಲಿನಲ್ಲಿರಲಿ ಅಂತ. ಹಾಗಾಗಿ ಹೊಸ ಕೇಬಲ್ ಹಾಕಿದರೂ 'ಟಕ್' ಬರುತ್ತಿಲ್ಲ ಅಂದರೆ ಸವೆತದ ಮೇಲೆ ಅನುಮಾನ ಪಡುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ಸ್ಪ್ರಿಂಗ್ ಕಚ್ಚಿನ ತನಕ ಹೋಗಿ ಮುಟ್ಟುತ್ತಿದೆಯಾ?

ಫೋನ್ ರಿಪೇರಿ ಮಾಡುವ ಗೆಳೆಯನಿಗೆ ಕರೆ ಮಾಡಿದಾಗ ಅವನು ಕೇಳಿದ್ದೂ ಇದನ್ನೇ, ಆದರೆ ಬೇರೆ ರೀತಿಯಲ್ಲಿ.

"ಕೇಬಲ್ ಹಾಕಿದಾಗ ಹೊರಗೆ ಲೋಹ ಎಷ್ಟು ಕಾಣ್ತಿದೆ?"

"ನೋಡಿಲ್ಲ ಕಣೋ."

"ಮೊದಲು ಕವರ್ ತೆಗಿ. ಆಮೇಲೆ ನೋಡು. ಲೋಹದ ಗೆರೆ ಕಾಣ್ತಿದ್ರೆ ಪೋರ್ಟ್ ಬಿಚ್ಚೋ ಮಾತೇ ಬೇಡ, ಕಸ ತೆಗಿ ಸಾಕು."

ಕವರ್ ತೆಗೆಯಲು ಹೇಳಿದ್ದಕ್ಕೆ ಕಾರಣ ಇದೆ. ಕೆಲವು ದಪ್ಪ ಕವರ್‌ಗಳ ತೂತು ಚಿಕ್ಕದಿರುತ್ತದೆ, ಕೇಬಲಿನ ಪ್ಲಾಸ್ಟಿಕ್ ತಲೆ ಅದಕ್ಕೇ ತಾಗಿ ನಿಂತುಬಿಡುತ್ತದೆ. ಅಷ್ಟಕ್ಕೇ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಬರೀ ಕವರ್ ತೆಗೆದು ಸಮಸ್ಯೆ ಮುಗಿದವರೂ ಇದ್ದಾರೆ. ನನ್ನದು ಹಾಗಾಗಲಿಲ್ಲ. ಕವರ್ ತೆಗೆದು, ಕೇಬಲ್ ಹಾಕಿ, ಒಳಗೆ ಹೋದಷ್ಟು ಮೆತ್ತಗೆ ತಳ್ಳಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದೆ. ಫೋನಿನ ಅಂಚಿಗೂ ಕೇಬಲಿನ ಪ್ಲಾಸ್ಟಿಕ್ಕಿಗೂ ನಡುವೆ ಬೆಳ್ಳಗೆ ಒಂದು ಲೋಹದ ಪಟ್ಟಿ. ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇತ್ತು. ಅದೇ ಕೇಬಲನ್ನು ತಂಗಿಯ ಫೋನಿಗೆ ಹಾಕಿದರೆ ಪ್ಲಾಸ್ಟಿಕ್ ಹೋಗಿ ಫೋನಿಗೆ ಹೆಚ್ಚುಕಡಿಮೆ ಅಂಟಿಕೊಂಡು ನಿಲ್ಲುತ್ತಿತ್ತು, ಲೋಹ ಕಾಣುತ್ತಲೇ ಇರಲಿಲ್ಲ.

ಇದನ್ನು ನೋಡುವಾಗ ಎರಡೂ ಕಡೆ ಒಂದೇ ಕೇಬಲ್ ಬಳಸಬೇಕು. ಒಂದೊಂದು ಕೇಬಲಿನ ಪ್ಲಾಸ್ಟಿಕ್ ಒಂದೊಂದು ಆಕಾರದಲ್ಲಿರುತ್ತದೆ, ಕೆಲವದರಲ್ಲಿ ಪೂರ್ತಿ ಕೂತ ಮೇಲೂ ಕೂದಲೆಳೆಯಷ್ಟು ಲೋಹ ಕಾಣಬಹುದು. ಎರಡನೆಯ ಟೈಪ್-ಸಿ ಫೋನ್ ಇಲ್ಲದಿದ್ದರೆ ಚಾರ್ಜರ್ ಪೆಟ್ಟಿಗೆಯ ಕಡೆಯ ಟೈಪ್-ಸಿ ತೂತು, ಲ್ಯಾಪ್‌ಟಾಪ್, ಇಯರ್‌ಫೋನ್ ಡಬ್ಬಿ, ಯಾವುದಾದರೂ ಆಗುತ್ತದೆ.

ಒಂದು ಮಿಲಿಮೀಟರ್ ಅಂದರೆ ಎಷ್ಟು ಮಹಾ ಅನ್ನಿಸಬಹುದು. ಆದರೆ ಪಿನ್ನಿನ ಲೋಹದ ಭಾಗದ ಉದ್ದವೇ 6.65 ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ಹೊರಗೆ ಉಳಿದರೆ ಮೊದಲು ಹೋಗುವುದು ಆ 'ಟಕ್', ಸ್ಪ್ರಿಂಗ್‌ಗಳು ಕಚ್ಚಿಗೆ ಸಿಗುವುದೇ ಇಲ್ಲ. ಹಿಡಿತ ತಪ್ಪಿದ ಪಿನ್ ಕೇಬಲಿನ ಭಾರಕ್ಕೇ ಜಾರುತ್ತದೆ. ಎರಡನೆಯದು ವಿದ್ಯುತ್ತಿನ ಲೆಕ್ಕ. ಟೈಪ್-ಸಿಯಲ್ಲಿ ವಿದ್ಯುತ್ ತರುವ ಗೆರೆಗಳು ಮತ್ತು ಅರ್ಥಿಂಗ್ ಗೆರೆಗಳು ಮೊದಲು ಮುಟ್ಟುವ ಹಾಗೆ ಮಾಡಿದ್ದಾರೆ, ಉಳಿದವು ಪಿನ್ ಇನ್ನೂ ಒಳಗೆ ಹೋದ ಮೇಲೆ ಮುಟ್ಟುತ್ತವೆ. ಹಾಗೆ ನಂತರ ಮುಟ್ಟುವುದರಲ್ಲಿ ಫೋನೂ ಚಾರ್ಜರೂ ಮಾತಾಡಿಕೊಳ್ಳುವ ಗೆರೆಯೂ ಸೇರಿದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಆದರೆ, ಆ ಗೆರೆಯಲ್ಲಿ ಫೋನ್ ಇದೆ ಅಂತ ಗೊತ್ತಾಗುವ ತನಕ ಚಾರ್ಜರ್ ವಿದ್ಯುತ್ತನ್ನೇ ಬಿಡುವುದಿಲ್ಲ. ಫಾಸ್ಟ್ ಚಾರ್ಜಿಂಗಿಗೆ ಎಷ್ಟು ವೋಲ್ಟ್ ಕೊಡಬೇಕು ಅನ್ನುವ ಮಾತುಕತೆಯೂ ಬಹಳಷ್ಟು ಚಾರ್ಜರ್‌ಗಳಲ್ಲಿ ಅಲ್ಲೇ ಆಗುವುದು. ಪಿನ್ ಅರ್ಧಂಬರ್ಧ ಕೂತಾಗ ಆ ಗೆರೆ ಮುಟ್ಟಿಯೂ ಮುಟ್ಟದ ಸ್ಥಿತಿಯಲ್ಲಿರುತ್ತದೆ. ಫಾಸ್ಟ್, ಮಾಮೂಲಿ, ಬಂದ್, ಮತ್ತೆ ಫಾಸ್ಟ್ ಅಂತ ನನ್ನ ಫೋನ್ ಆಡುತ್ತಿದ್ದ ಆಟಕ್ಕೆ ಇದು ಸರಿಯಾಗಿ ಹೊಂದಿಕೆಯಾಗುತ್ತಿತ್ತು. ಪಿನ್ನಿನ ತಲೆ ಬಿಸಿಯಾಗುತ್ತಿದ್ದದ್ದಕ್ಕೂ ಅಷ್ಟೇ, ಸರಿಯಾಗಿ ಮುಟ್ಟದ ಜಾಗದಲ್ಲಿ ವಿದ್ಯುತ್ತಿಗೆ ತಡೆ ಜಾಸ್ತಿ, ತಡೆ ಇದ್ದಲ್ಲಿ ಬಿಸಿ.

ಈಗ ಒಳಗೆ ನೋಡುವ ಕೆಲಸ. ನನಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಇದೇ. ತುಂಬಾ ಜನ ಟಾರ್ಚ್ ಬಿಟ್ಟು ಒಂದು ಸಲ ಇಣುಕಿ, ಒಳಗೇನೂ ಇಲ್ಲ, ಕ್ಲೀನಾಗಿದೆ ಅಂತ ಬಿಟ್ಟುಬಿಡುತ್ತಾರೆ. ನನಗೂ ಮೊದಲ ನೋಟಕ್ಕೆ ಹಾಗೇ ಕಂಡಿತು. ನೇತಾಡುವ ಎಳೆ ಇಲ್ಲ, ಧೂಳಿನ ಉಂಡೆ ಇಲ್ಲ, ನಾಲಿಗೆ ಹೊಳೆಯುತ್ತಿದೆ, ತಳ ಸಮತಟ್ಟಾಗಿದೆ. ಆದರೆ ಆ ಸಮತಟ್ಟಾದ ತಳವೇ ಕಸ! ಪ್ರತಿ ಸಲ ಪಿನ್ ಹಾಕಿದಾಗಲೂ ಅದರ ಮೂತಿ ಒಳಗಿನ ಕಸವನ್ನು ತಳಕ್ಕೆ ಒತ್ತುತ್ತದೆ. ಜೇಬಿನಿಂದ, ಬ್ಯಾಗಿನಿಂದ ಒಂದೊಂದೇ ಎಳೆ ಬಂದು ಸೇರುತ್ತದೆ, ಪಿನ್ ಅದನ್ನು ಗಟ್ಟಿ ಮಾಡುತ್ತದೆ, ಅದರ ಮೇಲೆ ಇನ್ನೊಂದು ಪದರ. ಒತ್ತುವ ಮೂತಿ ಚಪ್ಪಟೆ ಇರುವುದರಿಂದ ಕಸವೂ ಚಪ್ಪಟೆಯಾಗಿ, ನಯವಾಗಿ, ಪೋರ್ಟಿನದೇ ಗೋಡೆಯ ಹಾಗೆ ಕಾಣುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಟಾರ್ಚನ್ನು ನೇರವಾಗಿ ಬಿಡದೆ ಸ್ವಲ್ಪ ಓರೆಯಾಗಿ ಬಿಟ್ಟೆ. ಇನ್ನೊಂದು ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿ ಚಿತ್ರ ತೆಗೆದೆ. ತಂಗಿಯ ಫೋನಿನ ಪೋರ್ಟಿನದೂ ಅದೇ ರೀತಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವಳದರಲ್ಲಿ ತಳ ಕಪ್ಪಗೆ, ಬೆಳಕಿಗೆ ಸಣ್ಣಗೆ ಮಿನುಗುವ ಪ್ಲಾಸ್ಟಿಕ್. ನನ್ನದರಲ್ಲಿ ತಳ ಬೂದಿ ಬಣ್ಣ, ಮಿನುಗೇ ಇಲ್ಲ, ಅಂಚಿನಲ್ಲಿ ಎಲ್ಲೋ ಒಂದೆರಡು ನೀಲಿ ಎಳೆ. ನಾಲಿಗೆಯೂ ನನ್ನ ಫೋನಿನಲ್ಲಿ ಗಿಡ್ಡ ಅನ್ನಿಸುತ್ತಿತ್ತು, ಅದರ ಬುಡ ಕಸದೊಳಗೆ ಮುಳುಗಿತ್ತು. ಬಣ್ಣ, ಮಿನುಗು, ನಾಲಿಗೆಯ ಉದ್ದ, ಈ ಮೂರನ್ನು ಇನ್ನೊಂದು ಪೋರ್ಟಿನ ಜೊತೆ ಹೋಲಿಸಿ ನೋಡದೆ ಕ್ಲೀನಾಗಿದೆ ಅಂತ ಹೇಳುವುದು ಸಾಧ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಬಂದದ್ದು ಯಾವುದರಿಂದ ತೆಗೆಯುವುದು ಅನ್ನುವ ಪ್ರಶ್ನೆ. ಎಲ್ಲರೂ ಟೂತ್‌ಪಿಕ್ ಅನ್ನುತ್ತಾರೆ. ಸರಿ, ಆದರೆ ಟೂತ್‌ಪಿಕ್ ಹಾಗೇ ಹಾಕಿದರೆ ಹೋಗುವುದಿಲ್ಲ. ಪೋರ್ಟಿನ ಬಾಯಿಯ ಎತ್ತರ 2.56 ಮಿಲಿಮೀಟರ್, ನಡುವೆ ಇರುವ ನಾಲಿಗೆಯ ದಪ್ಪ 0.7 ಮಿಲಿಮೀಟರ್. ಉಳಿದದ್ದನ್ನು ಮೇಲಕ್ಕೂ ಕೆಳಕ್ಕೂ ಹಂಚಿದರೆ ಒಂದೊಂದು ಕಡೆ ಸಿಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ. ಮಾಮೂಲಿ ದುಂಡನೆಯ ಟೂತ್‌ಪಿಕ್ ನಡುವಿನಲ್ಲಿ ಸುಮಾರು ಎರಡು ಮಿಲಿಮೀಟರ್ ದಪ್ಪ ಇರುತ್ತದೆ. ಚೂಪಾದ ತುದಿ ಮಾತ್ರ ಸ್ವಲ್ಪ ದೂರ ಹೋಗುತ್ತದೆ, ಆಮೇಲೆ ದಪ್ಪ ಭಾಗ ಬಂದು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಆ ಬಲವೆಲ್ಲ ನಾಲಿಗೆಯ ಮೇಲೆ ಬೀಳುತ್ತದೆ. ನಾಲಿಗೆ ಬಾಗಿದರೆ ಅಥವಾ ಮುರಿದರೆ ಆಗ ನಿಜವಾಗಿಯೂ ಪೋರ್ಟ್ ಬದಲಾಯಿಸಬೇಕಾಗುತ್ತದೆ.

ಅದಕ್ಕೇ ನಾನು ಮರದ ಟೂತ್‌ಪಿಕ್ಕನ್ನು ಬ್ಲೇಡಿನಿಂದ ಎರಡೂ ಕಡೆ ಹೆರೆದು ಚಪ್ಪಟೆ ಮಾಡಿಕೊಂಡೆ. ತುದಿಯಿಂದ ಒಂದೂವರೆ ಸೆಂಟಿಮೀಟರಿನಷ್ಟು ಉದ್ದಕ್ಕೆ ಹೆರೆದರೆ ಸಾಕು, ಪೋರ್ಟಿನ ಆಳ ಅದಕ್ಕಿಂತ ಕಡಿಮೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು ಬರಬೇಕು. ಚೂಪು ತುದಿಯನ್ನು ಸ್ವಲ್ಪ ಕತ್ತರಿಸಿ ಮೊಂಡು ಮಾಡಿದೆ, ಚೂಪು ಇದ್ದರೆ ಅದು ಕಸವನ್ನು ಚುಚ್ಚುತ್ತದೆಯೇ ಹೊರತು ಎಬ್ಬಿಸುವುದಿಲ್ಲ. ಹೆರೆದ ಮೇಲೆ ಬೆರಳಲ್ಲಿ ಸ್ವಲ್ಪ ಬಗ್ಗಿಸಿ ನೋಡಿ. ಸೀಳು ಬಿಟ್ಟಿದ್ದರೆ, ಮುರಿಯುವ ಹಾಗಿದ್ದರೆ ಅದನ್ನು ಬಿಸಾಕಿ ಇನ್ನೊಂದು ಮಾಡಿಕೊಳ್ಳಿ. ತುದಿ ಒಳಗೆ ಮುರಿದು ಉಳಿದರೆ ಕಸಕ್ಕಿಂತ ಅದನ್ನು ತೆಗೆಯುವುದೇ ದೊಡ್ಡ ಪಾಡು. ತೆಳ್ಳಗಿನ ಪ್ಲಾಸ್ಟಿಕ್ ಹಲ್ಲುಕಡ್ಡಿ ಇದ್ದರೆ ಅದೂ ನಡೆಯುತ್ತದೆ, ಮುರಿಯುವ ಭಯ ಕಡಿಮೆ, ಆದರೆ ಗಟ್ಟಿ ಕಸಕ್ಕೆ ಅದು ಬಾಗಿಬಿಡುತ್ತದೆ. ನಾನು ಗಟ್ಟಿ ಪದರಕ್ಕೆ ಮರದ್ದು, ಕೊನೆಯ ಗುಡಿಸುವಿಕೆಗೆ ಪ್ಲಾಸ್ಟಿಕ್ಕು ಅಂತ ಎರಡನ್ನೂ ಇಟ್ಟುಕೊಂಡೆ.

ಸೂಜಿ, ಗುಂಡುಸೂಜಿ, ಸಿಮ್ ತೆಗೆಯುವ ಪಿನ್, ಇವುಗಳನ್ನು ಬಳಸಿ ಸರಿಮಾಡಿಕೊಂಡೆ ಅನ್ನುವವರು ಸಿಗುತ್ತಾರೆ. ಆಗಲಾರದು ಅಂತಲ್ಲ, ಆದರೆ ನಾಲಿಗೆಯ ಮೇಲಿನ ಗೆರೆಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅರ್ಧ ಮಿಲಿಮೀಟರ್ ದೂರ ಅಷ್ಟೇ. ಸೂಜಿಯ ತುದಿ ಒಂದೇ ಸಲಕ್ಕೆ ಎರಡು ಗೆರೆ ಮುಟ್ಟುವುದು ದೊಡ್ಡ ವಿಷಯವಲ್ಲ. ಚಿನ್ನದ ಲೇಪ ತುಂಬಾ ತೆಳು, ಗೀರು ಬಿದ್ದರೆ ಆ ಜಾಗ ನಿಧಾನವಾಗಿ ಕಪ್ಪಾಗುತ್ತದೆ. ನೀರು ತಡೆಯುವ ಫೋನುಗಳಲ್ಲಿ ಪೋರ್ಟಿನ ಸುತ್ತ ರಬ್ಬರಿನ ಅಂಚೂ ಇರುತ್ತದೆ, ಲೋಹಕ್ಕೆ ಅದು ಸುಲಭವಾಗಿ ಹರಿಯುತ್ತದೆ. ಇಷ್ಟೆಲ್ಲ ಅಪಾಯ ಯಾಕೆ, ಮರದ ಕಡ್ಡಿಗೆ ಆಗುವ ಕೆಲಸಕ್ಕೆ?

ಬಾಯಿಂದ ಊದುವುದೂ ಬೇಡ. ಉಸಿರಿನಲ್ಲಿ ತೇವ ಇರುತ್ತದೆ, ಒಳಗಿರುವುದು ಅದನ್ನು ಹೀರಿಕೊಳ್ಳುವ ಹತ್ತಿ ಎಳೆ. ಹತ್ತಿ ಸುತ್ತಿದ ಕಿವಿಕಡ್ಡಿ ತೂತಿಗೆ ಹಿಡಿಸುವುದಿಲ್ಲ, ಹಿಡಿಸಿದರೂ ಇನ್ನಷ್ಟು ಎಳೆ ಒಳಗೆ ಬಿಟ್ಟು ಬರುತ್ತದೆ. ಗಾಳಿಯ ಡಬ್ಬಿ ಇದ್ದರೆ ಅದಕ್ಕೂ ಸಮಯ ಇದೆ, ಕಸ ಸಡಿಲವಾದ ಮೇಲೆ. ಗಟ್ಟಿಯಾಗಿ ಕೂತ ಪದರದ ಮೇಲೆ ಗಾಳಿ ಬಿಟ್ಟರೆ ಅದು ಅಲ್ಲಾಡುವುದೂ ಇಲ್ಲ.

ಫೋನನ್ನು ಪೂರ್ತಿ ಆಫ್ ಮಾಡಿದೆ. ಪರದೆ ಆರಿಸುವುದಲ್ಲ, ಪೂರ್ತಿ ಆಫ್. ಟಾರ್ಚನ್ನು ಮೇಜಿನ ಮೇಲೆ ಒರಗಿಸಿ ಇಟ್ಟೆ, ಎರಡು ಕೈಯೂ ಖಾಲಿ ಬೇಕು. ಮೇಜಿನ ಮೇಲೆ ಬಿಳಿ ಕಾಗದ ಹಾಸಿದೆ, ಏನು ಬಿತ್ತು ಅಂತ ಕಾಣಬೇಕಲ್ಲ. ಫೋನನ್ನು ಪೋರ್ಟ್ ಕೆಳಮುಖವಾಗಿ, ಸ್ವಲ್ಪ ಓರೆಯಾಗಿ ಹಿಡಿದೆ. ಪೋರ್ಟ್ ಮೇಲ್ಮುಖವಾಗಿ ಹಿಡಿದು ಕೆದಕಿದರೆ ಕಿತ್ತ ಕಸ ಮತ್ತೆ ಒಳಗೇ ಬೀಳುತ್ತದೆ.

ಶುರು ಮಾಡಿದ್ದು ಎರಡು ತುದಿಗಳಿಂದ, ಅಂದರೆ ಗೂಡಿನ ಎಡ ಮತ್ತು ಬಲದ ದುಂಡನೆಯ ಮೂಲೆಗಳಿಂದ. ಅಲ್ಲಿ ಚಿನ್ನದ ಗೆರೆಗಳಿಲ್ಲ, ತಾಗಿದರೂ ಕೆಡುವಂಥದ್ದು ಕಡಿಮೆ. ಕಡ್ಡಿಯ ಚಪ್ಪಟೆ ಮುಖವನ್ನು ಹೊರಗೋಡೆಗೆ ಅಂಟಿಸಿಕೊಂಡ ಹಾಗೆ ಒಳಗೆ ಜಾರಿಸಿದೆ. ಇದು ನಿಯಮ ಅಂತಲೇ ಇಟ್ಟುಕೊಳ್ಳಿ, ಕಡ್ಡಿಗೆ ಆಸರೆ ಯಾವಾಗಲೂ ಹೊರಗಿನ ಲೋಹದ ಗೋಡೆ, ನಾಲಿಗೆ ಅಲ್ಲ. ತಳಕ್ಕೆ ತಾಗಿದಾಗ ಬೆರಳಿಗೆ ಏನನ್ನಿಸುತ್ತದೆ ಅನ್ನುವುದರ ಮೇಲೆ ಗಮನ ಇಟ್ಟೆ. ಕಸ ಇದ್ದರೆ ಮೆತ್ತಗೆ, ಒತ್ತಿದರೆ ಒಂಚೂರು ತಗ್ಗಿ ವಾಪಸ್ ತಳ್ಳುತ್ತದೆ. ನಿಜವಾದ ತಳ ಗಟ್ಟಿ, ಕಡ್ಡಿ ತಾಗಿದಾಗ ಸಣ್ಣ ಸದ್ದೂ ಬರುತ್ತದೆ. ನನ್ನದರಲ್ಲಿ ಎರಡೂ ಮೂಲೆ ಮೆತ್ತಗಿದ್ದವು.

ಮೂಲೆಯಲ್ಲಿ ಕಡ್ಡಿಯನ್ನು ಒಳಗೆ ಚುಚ್ಚದೆ, ಗೋಡೆಗೂ ಕಸಕ್ಕೂ ನಡುವೆ ತೂರಿಸಿ ಹೊರಕ್ಕೆ ಎಳೆದುಕೊಂಡೆ. ಮೊದಲು ಏನೂ ಬರಲಿಲ್ಲ. ಕಡ್ಡಿಯ ತುದಿಗೆ ಬರೀ ಒಂದಿಷ್ಟು ಬೂದು ಪುಡಿ. ಇಲ್ಲಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಒತ್ತಡ ಜಾಸ್ತಿ ಮಾಡುವ ಬದಲು ಅದೇ ಮೂಲೆಯಲ್ಲಿ ಮೆತ್ತಗೆ ಮತ್ತೆ ಮತ್ತೆ ಎಳೆಯಬೇಕು. ಪ್ರತಿ ಸಲ ಹೊರಗೆ ತಂದಾಗ ಕಡ್ಡಿಯ ತುದಿ ಒರೆಸಿ, ಮುರಿದಿಲ್ಲ ಅಂತ ನೋಡಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಬಲಮೂಲೆಯಲ್ಲಿ ಪದರದ ಅಂಚು ಗೋಡೆಯಿಂದ ಬಿಟ್ಟುಕೊಂಡಿತು. ಟಾರ್ಚಿನಲ್ಲಿ ನೋಡಿದರೆ ಅಲ್ಲಿ ಒಂದು ಕಪ್ಪು ಬಿರುಕು ಕಾಣುತ್ತಿತ್ತು, ಅದು ನಿಜವಾದ ತಳ. ಅಲ್ಲಿಂದ ಮುಂದೆ ಕೆಲಸ ಸಲೀಸು. ಕಡ್ಡಿಯನ್ನು ಆ ಬಿರುಕಿಗೆ ತೂರಿಸಿ ಹೊರಮುಖವಾಗಿ ಎಬ್ಬಿಸಿದಾಗ ಪದರ ಒಂದು ತುಂಡಾಗಿ ಎದ್ದು ಬಂತು.

ಕಾಗದದ ಮೇಲೆ ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಳೇ ಹಾಸಿಗೆಯ ಹತ್ತಿ ಗಂಟು ಕಟ್ಟಿದ ಹಾಗಿತ್ತು, ಆದರೆ ಒಂದು ಮುಖ ಮಾತ್ರ ಇಸ್ತ್ರಿ ಹೊಡೆದಷ್ಟು ನಯ. ಆ ನಯವಾದ ಮುಖವೇ ಪಿನ್ ಬಂದು ಒತ್ತುತ್ತಿದ್ದ ಮುಖ. ಅದರ ಮೇಲೆ ಪಿನ್ನಿನ ಅಂಚಿನ ಗುರುತು ಕೂಡ ಸಣ್ಣಗೆ ಮೂಡಿತ್ತು. ಬಿಡಿಸಿ ನೋಡಿದರೆ ಜೀನ್ಸಿನ ನೀಲಿ ಎಳೆ, ಬಿಳಿ ಹತ್ತಿ, ಮಣ್ಣಿನ ಪುಡಿ, ಒಂದು ಕೂದಲು. ದಪ್ಪ ಹೆಚ್ಚುಕಡಿಮೆ ಹೊರಗೆ ಕಾಣುತ್ತಿದ್ದ ಲೋಹದ ಪಟ್ಟಿಯಷ್ಟೇ. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಲೆಕ್ಕ ಸರಿಹೋಯಿತಲ್ಲ ಅಂತ.

ಎಡಮೂಲೆಯದು ಅಷ್ಟು ಚೆನ್ನಾಗಿ ಬರಲಿಲ್ಲ, ಪುಡಿಪುಡಿಯಾಗಿ ಬಂತು. ನಾಲಿಗೆಯ ಮೇಲಿನ ಮತ್ತು ಕೆಳಗಿನ ಸಂದಿಗೆ ಪ್ಲಾಸ್ಟಿಕ್ ಕಡ್ಡಿ ಬಳಸಿದೆ. ಇಲ್ಲಿ ಅಡ್ಡಡ್ಡ ಉಜ್ಜಬಾರದು, ಗೆರೆಗಳು ಹೇಗೆ ಓಡುತ್ತವೋ ಹಾಗೆ, ಒಳಗಿನಿಂದ ಹೊರಕ್ಕೆ ಮಾತ್ರ ಎಳೆಯಬೇಕು. ಆಮೇಲೆ ಫೋನಿನ ಬೆನ್ನನ್ನು ಅಂಗೈಗೆ ಮೆತ್ತಗೆ ತಟ್ಟಿದಾಗ ಇನ್ನೂ ಸ್ವಲ್ಪ ಪುಡಿ ಉದುರಿತು. ನನ್ನ ಹತ್ತಿರ ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುಗ್ಗೆ ಇತ್ತು, ಅದರಿಂದ ಒಂದೆರಡು ಸಲ ಪಕ್ಕದಿಂದ ಊದಿದೆ. ಇಷ್ಟಾದ ಮೇಲೆ ಮತ್ತೆ ಚಿತ್ರ ತೆಗೆದು ಹೋಲಿಸಿದರೆ ನಾಲಿಗೆ ಉದ್ದವಾಗಿತ್ತು, ತಳ ಕಪ್ಪಾಗಿತ್ತು.

ಕೇಬಲ್ ಹಾಕುವ ಮೊದಲು ಪಿನ್ನಿನ ಬಾಯಿಯೊಳಗೂ ನೋಡಿ, ಇದನ್ನು ಬಹಳಷ್ಟು ಜನ ಮರೆಯುತ್ತಾರೆ. ಪಿನ್ ಟೊಳ್ಳು ಅಂದೆನಲ್ಲ, ಪೋರ್ಟಿನ ಕಸ ಸ್ವಲ್ಪ ಅದರೊಳಗೂ ಸೇರಿಕೊಂಡಿರುತ್ತದೆ. ಅದನ್ನು ಹಾಗೇ ಹಾಕಿದರೆ ನಾಲಿಗೆ ಆ ಕಸವನ್ನು ಪಿನ್ನಿನ ಬುಡಕ್ಕೆ ಒತ್ತುತ್ತದೆ, ಮತ್ತೆ ಅದೇ ಕಥೆ. ಕೇಬಲನ್ನು ಚಾರ್ಜರಿನಿಂದ ಕಿತ್ತು, ಅದೇ ಚಪ್ಪಟೆ ಕಡ್ಡಿಯಿಂದ ಪಿನ್ನಿನ ಒಳಗಿನದನ್ನೂ ತೆಗೆದೆ.

ಈಗ ಹಾಕಿದರೆ 'ಟಕ್'. ಲೋಹದ ಪಟ್ಟಿ ಮಾಯ. ಫೋನ್ ಆನ್ ಮಾಡಿ ಚಾರ್ಜಿಗೆ ಇಟ್ಟೆ, ಫಾಸ್ಟ್ ಚಾರ್ಜಿಂಗ್ ಅಂತ ಬಂದದ್ದು ಹಾಗೇ ನಿಂತಿತು. ಕೇಬಲನ್ನು ಮೆತ್ತಗೆ ಎಡಬಲ ಅಲ್ಲಾಡಿಸಿದರೂ ತಪ್ಪಲಿಲ್ಲ. ಪಿನ್ನನ್ನು ತಿರುಗಿಸಿ ಇನ್ನೊಂದು ಮುಖ ಮೇಲೆ ಮಾಡಿಯೂ ನೋಡಿದೆ. ಇದನ್ನು ತಪ್ಪದೆ ನೋಡಬೇಕು. ಒಂದು ಮುಖದಲ್ಲಿ ಸರಿಯಾಗಿ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಪಿನ್ ಪೂರ್ತಿ ಕೂತಿದ್ದರೂ ಯಾವುದೋ ಒಂದು ಕಡೆಯ ಗೆರೆಗಳು ಸರಿಯಾಗಿ ಮುಟ್ಟುತ್ತಿಲ್ಲ ಅಂತ ಅರ್ಥ. ಜಿಡ್ಡು ಇರಬಹುದು, ಪೆಟ್ಟಾಗಿರಬಹುದು. ಜಿಡ್ಡಾದರೆ ಶೇಕಡಾ 90ಕ್ಕೂ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆಯ ತೆಳ್ಳಗಿನ ಬ್ರಷ್ಷಿಗೆ ಒದ್ದೆಯಾಗುವಷ್ಟು ಮಾತ್ರ ಮುಟ್ಟಿಸಿ ಗೆರೆಗಳ ಮೇಲೆ ಎಳೆದು, ಪೂರ್ತಿ ಒಣಗಿದ ಮೇಲೆ ಫೋನ್ ಆನ್ ಮಾಡಬೇಕು. ತೊಟ್ಟಿಕ್ಕುವ ಹಾಗೆ ಸುರಿಯಬಾರದು. ನನ್ನ ಫೋನಿಗೆ ಇದು ಬೇಕಾಗಲಿಲ್ಲ. ಬರೀ ಕಸಕ್ಕೆ ಆಲ್ಕೊಹಾಲ್ ಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ, ಎಳೆಗಳು ಒದ್ದೆಯಾಗಿ ಇನ್ನಷ್ಟು ಅಂಟಿಕೊಳ್ಳುತ್ತವೆ ಅಷ್ಟೇ.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ ತಮ್ಮ ಹಳೇ ಐಫೋನ್ ತಂದುಕೊಟ್ಟರು, "ಇದನ್ನೂ ಒಂಚೂರು ನೋಡಪ್ಪ, ಇದೂ ಹಂಗೇ ಜಾರ್ತದೆ" ಅಂತ. ಅದು ಲೈಟ್ನಿಂಗ್ ಪೋರ್ಟ್. 2012ರ ಐಫೋನ್ 5ರಿಂದ ಬಂದದ್ದು, 2023ರ ಐಫೋನ್ 15ಕ್ಕೆ ಟೈಪ್-ಸಿ ಬಂತು, ನಡುವಿನ ಐಫೋನುಗಳಲ್ಲೆಲ್ಲ ಲೈಟ್ನಿಂಗೇ. ಇಲ್ಲಿ ಲೆಕ್ಕ ಉಲ್ಟಾ. ನಾಲಿಗೆ ಇರುವುದು ಕೇಬಲಿನಲ್ಲಿ, ಫೋನಿನಲ್ಲಿ ಬರೀ ಗೂಡು. ನಡುವೆ ಅಡ್ಡ ಏನೂ ಇಲ್ಲದ್ದರಿಂದ ಕಡ್ಡಿ ಹೋಗುವುದು ಸುಲಭ, ಟೂತ್‌ಪಿಕ್ಕನ್ನು ಅಷ್ಟೊಂದು ಹೆರೆಯಬೇಕಿಲ್ಲ. ಆದರೆ ಫೋನಿನ ಗೂಡಿನ ಒಂದು ಗೋಡೆಯಲ್ಲಿ ಎಂಟು ಸಣ್ಣ ಸ್ಪ್ರಿಂಗ್ ಪಿನ್ನುಗಳು ಸಾಲಾಗಿ ಉಬ್ಬಿಕೊಂಡಿರುತ್ತವೆ. ಕಡ್ಡಿಯಿಂದ ಅವನ್ನು ಅಡ್ಡಕ್ಕೆ ಎಳೆದರೆ ಬಾಗಬಹುದು. ಹಾಗಾಗಿ ಮೊದಲು ಟಾರ್ಚಿನಲ್ಲಿ ಯಾವ ಗೋಡೆಯಲ್ಲಿ ಪಿನ್ನುಗಳಿವೆ ಅಂತ ನೋಡಿಕೊಂಡು, ಅದರ ಎದುರುಗೋಡೆಗೆ ಕಡ್ಡಿ ಅಂಟಿಸಿಕೊಂಡು ತಳದ ಕಸ ಎಬ್ಬಿಸಿದೆ. ಅತ್ತೆಯ ಫೋನಿನಿಂದ ಬಂದದ್ದು ನನ್ನದಕ್ಕಿಂತ ಜಾಸ್ತಿ, ಅದೂ ಪೂರ್ತಿ ಬಿಳಿ ಹತ್ತಿ, ಅವರು ಫೋನನ್ನು ಯಾವಾಗಲೂ ಬಟ್ಟೆಯ ಚೀಲದಲ್ಲೇ ಇಟ್ಟುಕೊಳ್ಳುತ್ತಾರೆ. ಆಮೇಲೆ ಕೇಬಲ್ ಗಟ್ಟಿಯಾಗಿ ಕೂತಿತು.

ಎಲ್ಲ ಸಡಿಲಕ್ಕೂ ಕಸವೇ ಕಾರಣ ಅಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರ ಫೋನ್ ಆಮೇಲೆ ನನ್ನ ಕೈಗೆ ಬಂತು. ಕವರ್ ತೆಗೆದು ಕೇಬಲ್ ಹಾಕಿದರೆ ಲೋಹ ಕಾಣುವುದೇ ಇಲ್ಲ, ಪಿನ್ ಪೂರ್ತಿ ಒಳಗಿದೆ. ಆದರೂ ಅಲ್ಲಾಡಿಸಿದರೆ ಚಾರ್ಜ್ ನಿಲ್ಲುತ್ತಿತ್ತು. ಬೇರೆ ಕೇಬಲ್ ಹಾಕಿದರೂ ಅದೇ. ಪಿನ್ ಅಲ್ಲಾಡಿಸಿದಾಗ ಟಾರ್ಚಿನಲ್ಲಿ ಗಮನಿಸಿದರೆ ಪೋರ್ಟಿನ ಲೋಹದ ಗೂಡೇ ಫೋನಿನ ದೇಹಕ್ಕೆ ಹೋಲಿಸಿದರೆ ಸಣ್ಣಗೆ ಆಚೀಚೆ ಸರಿಯುತ್ತಿತ್ತು. ಒಳಗಿನ ಬೆಸುಗೆ ಬಿಟ್ಟಿರುವ ಲಕ್ಷಣ ಅದು. ಅಲ್ಲಿ ಕಡ್ಡಿ ಹಾಕಿ ಪ್ರಯೋಜನ ಇಲ್ಲ ಅಂತ ಹೇಳಿ ರಿಪೇರಿಗೆ ಕೊಡಲು ಹೇಳಿದೆ. ಗೆರೆಗಳ ಮೇಲೆ ಹಸಿರು ಕಲೆ ಕಂಡರೂ, ನಾಲಿಗೆ ಓರೆಯಾಗಿದ್ದರೂ ನಾನು ಕೈ ಹಾಕುವುದಿಲ್ಲ. ಹಸಿರು ಅಂದರೆ ನೀರು ಹೋಗಿ ತುಕ್ಕು ಶುರುವಾಗಿದೆ, ಅದು ಪೋರ್ಟಿನಲ್ಲೇ ನಿಂತಿದೆಯೋ ಒಳಗೂ ಹೋಗಿದೆಯೋ ಹೊರಗಿನಿಂದ ಹೇಳಲಾಗದು. ಅವರ ಫೋನಿಗೆ ಪೋರ್ಟ್ ಇರುವ ಸಣ್ಣ ಬೋರ್ಡನ್ನೇ ಬದಲಾಯಿಸಿದರು, ಈಗ ಸರಿಯಾಗಿದೆ.

ನನ್ನ ಫೋನನ್ನು ಇಷ್ಟು ದಿನಕ್ಕೊಮ್ಮೆ ಅಂತ ಕೆದಕುವುದಿಲ್ಲ, ಸುಮ್ನೆ ಕಡ್ಡಿ ಹಾಕಿದಷ್ಟೂ ನಾಲಿಗೆಗೆ ಅಪಾಯ ಜಾಸ್ತಿ. ಚಾರ್ಜಿಗೆ ಹಾಕುವಾಗ ಲೋಹದ ಗೆರೆ ಕಾಣುತ್ತಿದೆಯಾ ಅಂತ ಒಂದು ಸಲ ನೋಡುತ್ತೇನೆ. ಕಂಡರೆ ಮತ್ತೆ ಟಾರ್ಚ್ ಹಿಡಿಯುತ್ತೇನೆ, ಕಾಣದಿದ್ದರೆ ಇಲ್ಲ.